4s ಮೊದಲು ತುಂಬಿ, ಮೊದಲೇ ಖಾಲಿಯಾಗುವುದೇಕೆ?

ಪ್ರಶ್ನೆ: ಪೊಟ್ಯಾಸಿಯಂನಲ್ಲಿ 3d ಬಿಟ್ಟು 4s ತುಂಬುತ್ತೆ, ಯಾಕಂದ್ರೆ 4s ಶಕ್ತಿ ಕಮ್ಮಿ ಅಂತಾರೆ. ಹಾಗಿದ್ರೆ ಕಬ್ಬಿಣ Fe²⁺ ಆಗುವಾಗ 4s ಎಲೆಕ್ಟ್ರಾನುಗಳೇ ಮೊದಲು ಹೋಗೋದು ಯಾಕೆ? ಸ್ಲೇಟರ್ ನಿಯಮದಿಂದ ಇದನ್ನ ತೋರಿಸಬಹುದಾ?

ಉತ್ತರ:

ತೋರಿಸಬಹುದು. 4s ಕೆಳಗೆ, 3d ಮೇಲೆ ಎಂಬುದು ಎಲ್ಲ ಪರಮಾಣುಗಳಿಗೂ ಒಪ್ಪುವ ಮಾತಲ್ಲ. ಪೊಟ್ಯಾಸಿಯಂ, ಕ್ಯಾಲ್ಸಿಯಂಗಳಿಗೆ ಅದು ಸರಿ, ಸ್ಕ್ಯಾಂಡಿಯಂ ಹೊತ್ತಿಗೆ ಆ ಕ್ರಮ ತಿರುವುಮುರುವಾಗಿರುತ್ತದೆ.

1930ರಲ್ಲಿ ಜಾನ್ ಸ್ಲೇಟರ್ ಕೊಟ್ಟ ನಿಯಮಗಳಲ್ಲಿ ಇಲ್ಲಿಗೆ ಬೇಕಾದ್ದು ಇಷ್ಟೇ. ಒಂದು ಎಲೆಕ್ಟ್ರಾನ್ ಮೇಲೆ ನ್ಯೂಕ್ಲಿಯಸ್ಸಿನ ಸೆಳೆತ ಎಷ್ಟಿದೆ ಎಂದು ತಿಳಿಯಲು, ಉಳಿದ ಎಲೆಕ್ಟ್ರಾನುಗಳು ಮರೆ ಮಾಡುವಷ್ಟನ್ನು ಪ್ರೋಟಾನುಗಳ ಸಂಖ್ಯೆ Z ಇಂದ ಕಳೆಯಬೇಕು, ಉಳಿಯುವುದೇ Z_eff. ಅದೇ ಗುಂಪಿನ ಸಂಗಾತಿ 0.35 ಮರೆ ಮಾಡುತ್ತದೆ. s, p ಎಲೆಕ್ಟ್ರಾನಿಗೆ ಒಂದು ಕವಚ ಒಳಗಿರುವುದು 0.85, ಅದಕ್ಕೂ ಒಳಗಿನದು 1. ಆದರೆ d ಎಲೆಕ್ಟ್ರಾನಿಗೆ ಅದೇ ಕವಚದ s, p ಸೇರಿದಂತೆ ಒಳಗಿನ ಗುಂಪುಗಳೆಲ್ಲವೂ ಪೂರ್ತಿ 1. ಹೊರಗಿರುವವು ಯಾರಿಗೂ ಮರೆಯಾಗುವುದಿಲ್ಲ. ಶಕ್ತಿ −13.6 × (Z_eff/n*)² ಎಲೆಕ್ಟ್ರಾನ್ ವೋಲ್ಟ್. ಮೂರನೆಯ ಕವಚಕ್ಕೆ n* 3, ನಾಲ್ಕನೆಯದಕ್ಕೆ 3.7.

ಪೊಟ್ಯಾಸಿಯಂನ ಕೊನೆಯ ಎಲೆಕ್ಟ್ರಾನನ್ನು ಒಮ್ಮೆ 4s ನಲ್ಲಿ, ಒಮ್ಮೆ 3d ಯಲ್ಲಿ ಇಟ್ಟು ನೋಡಿ:

```
4s: Z_eff = 19 − (8×0.85 + 10×1) = 2.2   →  −4.8 eV
3d: Z_eff = 19 − 18×1            = 1.0   →  −1.5 eV
```

4s ಗೆಲ್ಲುತ್ತದೆ. ಅಳತೆಯಲ್ಲಿ ಪೊಟ್ಯಾಸಿಯಂನ ಅಯಾನೀಕರಣ ಶಕ್ತಿ 4.34. ಎಲೆಕ್ಟ್ರಾನನ್ನು 3d ಗೆ ಎತ್ತಿದಾಗ ಉಳಿಯುವ ಬಂಧನ ಸುಮಾರು 1.67. ಇಷ್ಟು ಒರಟು ನಿಯಮಕ್ಕೆ ಇದು ಬಹಳ ಒಳ್ಳೆಯ ಹೊಂದಿಕೆ.

ಈಗ ಮುಂದಿನ ಹೆಜ್ಜೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. 4s ಎಲೆಕ್ಟ್ರಾನುಗಳು 3d ಗೆ ಹೊರಗಿನವು, ಹಾಗಾಗಿ 3d ಗೆ ಮರೆಯೇ ಅಲ್ಲ. ಪೊಟ್ಯಾಸಿಯಂನಿಂದ ಸ್ಕ್ಯಾಂಡಿಯಂವರೆಗೆ ಒಂದೊಂದೇ ಪ್ರೋಟಾನ್ ಸೇರಿದಂತೆ 3d ಯ Z_eff 1, 2, 3 ಎಂದು ಪೂರ್ತಿ ಒಂದೊಂದು ಏರುತ್ತದೆ. ಅದೇ ಹಾದಿಯಲ್ಲಿ 4s 2.2, 2.85, 3.0 ಅಷ್ಟೇ. ಸ್ಕ್ಯಾಂಡಿಯಂನಲ್ಲಿ 3d ಶಕ್ತಿ −13.6ಕ್ಕೆ ಇಳಿದಿರುತ್ತದೆ, 4s ಇನ್ನೂ −8.9ರಲ್ಲಿ ಇರುತ್ತದೆ. ಕಬ್ಬಿಣಕ್ಕೆ ಬಂದಾಗ 3d ಗೆ 6.25, 4s ಗೆ 3.75. ಶಕ್ತಿಗಳು −59 ಮತ್ತು −14. ಮೇಲಿರುವುದು, ಸಡಿಲವಾಗಿರುವುದು 4s.

ಆದರೆ ಇಲ್ಲಿಗೇ ನಿಲ್ಲಿಸಬೇಡಿ, ಪರೀಕ್ಷೆಯಲ್ಲಿ ಹಲವರು ಎಡವುವುದು ಇಲ್ಲೇ. ಕಬ್ಬಿಣದ ಮೊದಲ ಅಯಾನೀಕರಣ ಶಕ್ತಿ 7.9, 14 ಅಲ್ಲ. ಒಂದು ಎಲೆಕ್ಟ್ರಾನ್ ಹೊರಟರೆ ಉಳಿದವುಗಳ ಮೇಲಿನ ಮರೆಯೂ ಬದಲಾಗುತ್ತದೆ. ಅದಕ್ಕಾಗಿ ಕೊನೆಗೆ ಉಳಿಯುವ ಅಯಾನಿನ ಒಟ್ಟು ಶಕ್ತಿಯನ್ನೇ ಹೋಲಿಸಬೇಕು. ಎರಡು 4s ತೆಗೆದರೆ ಉಳಿಯುವುದು 3d⁶, ಅದರಲ್ಲಿ ಪ್ರತಿ 3d ಗೂ 6.25. ಎರಡು 3d ತೆಗೆದರೆ ಉಳಿಯುವುದು 3d⁴4s². ಆಗ 3d ಗೆ 6.95, 4s ಗೆ 5.45.

```
3d⁶    : 6×(6.25/3)²                   = 26.04
3d⁴4s² : 4×(6.95/3)² + 2×(5.45/3.7)²   = 25.81
```

ವ್ಯತ್ಯಾಸ 0.23, ಅದನ್ನು 13.6ರಿಂದ ಗುಣಿಸಿದರೆ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಅಷ್ಟರ ಮಟ್ಟಿಗೆ 3d⁶ ಹೆಚ್ಚು ಸ್ಥಿರ, ನಿಜವಾದ Fe²⁺ ಕೂಡ ಅದೇ. ಮೊದಲ ಒಂದೇ ಎಲೆಕ್ಟ್ರಾನಿನ ವಿಷಯ ಮಾತ್ರ ಈ ನಿಯಮಕ್ಕೆ ಮೀರಿದ್ದು. ಇದೇ ಲೆಕ್ಕದಲ್ಲಿ 4s ತೆಗೆಯಲು 11.2, 3d ತೆಗೆಯಲು 10.9 ಬರುತ್ತದೆ, ಅಷ್ಟು ಸಣ್ಣ ಅಂತರದಲ್ಲಿ ತೀರ್ಪು ಕೊಡುವ ಶಕ್ತಿ ಸ್ಲೇಟರ್ ಅಂಕಿಗಳಿಗಿಲ್ಲ.

ಗಾತ್ರದ ಕಥೆಯೂ ಇದೇ ಲೆಕ್ಕದಿಂದ ಹೊರಡುತ್ತದೆ. ಎಲೆಕ್ಟ್ರಾನ್ ಸಿಗುವ ಸಾಧ್ಯತೆ ಅತಿ ಹೆಚ್ಚಿರುವ ದೂರ n*²/Z_eff × 0.529 Å. ಕಬ್ಬಿಣದಲ್ಲಿ 3d ಗೆ ಅದು 0.76, 4s ಗೆ 1.93. 3d ಅಷ್ಟು ಒಳಗೆ ಕುಗ್ಗಿರುವುದರಿಂದಲೇ ಅದು 4s ಗೆ 0.85ರ ಮರೆ ಒಡ್ಡುತ್ತದೆ. ಒಂದು ಪ್ರೋಟಾನ್ ಸೇರಿ ಒಂದು 3d ಎಲೆಕ್ಟ್ರಾನ್ ಸೇರಿದರೆ 4s ಗೆ ದಕ್ಕುವುದು 0.15 ಮಾತ್ರ. ಎರಡನೆಯ ಸಾಲಿನಲ್ಲಿ ಲಿಥಿಯಂನಿಂದ ನಿಯಾನ್‌ವರೆಗೆ ಪ್ರತಿ ಹೆಜ್ಜೆಗೂ 0.65. ಅಲ್ಲಿ ಪರಮಾಣುಗಳು ಬೇಗ ಕುಗ್ಗುತ್ತವೆ, ಸ್ಕ್ಯಾಂಡಿಯಂ–ಸತುವಿನ ಸಾಲಿನಲ್ಲಿ ನಿಧಾನವಾಗಿ.

ನಿಧಾನ ನಿಜ, ಆದರೆ ಹತ್ತು ಹೆಜ್ಜೆಗೆ ಅದು 1.5 ಆಗುತ್ತದೆ. ಅಲ್ಯೂಮಿನಿಯಂನ ಹೊರ ಎಲೆಕ್ಟ್ರಾನಿಗೆ 3.5, ಅದರ ಕೆಳಗಿನ ಗ್ಯಾಲಿಯಂಗೆ 5.0. ಒಂದು ಕವಚ ಹೆಚ್ಚಿದ್ದರೂ ಲೆಕ್ಕದ ತ್ರಿಜ್ಯ 1.36ರಿಂದ 1.45ಕ್ಕೆ ಮಾತ್ರ ಏರುತ್ತದೆ. ಆ 1.5 ಇಲ್ಲದಿದ್ದರೆ ಅದು 2 Å ದಾಟುತ್ತಿತ್ತು. ಅಳೆದ ಸಹವೇಲೆನ್ಸಿ ತ್ರಿಜ್ಯಗಳಂತೂ ಹೆಚ್ಚುಕಡಿಮೆ ಒಂದೇ: 1.21 ಮತ್ತು 1.22 Å.