ನೂಲು ಜಾಸ್ತಿ, ಲಾಭ ಇಲ್ಲ: ಮ್ಯಾನೇಜರ್ ಮೋಸ ಮಾಡ್ತಿದ್ದಾರಾ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮ ತಂದೆ ಶುರು ಮಾಡಿದ ರೇಷ್ಮೆ ರೀಲಿಂಗ್ ಘಟಕ ಇದೆ. ನಾನು ಬೆಂಗಳೂರಿನಲ್ಲಿರುವುದರಿಂದ ಮ್ಯಾನೇಜರ್ ಇಟ್ಟಿದ್ದೇನೆ. ಸಂಬಳದ ಜೊತೆ ಕಿಲೋ ನೂಲಿಗೆ 40 ರೂಪಾಯಿ ಕಮಿಷನ್. ನೂಲು ಜಾಸ್ತಿ ಬರುತ್ತಿದೆ, ಲಾಭ ಮಾತ್ರ ಕಾಣುತ್ತಿಲ್ಲ. ಅವರು ಮೋಸ ಮಾಡುತ್ತಿರಬಹುದಾ?

ಉತ್ತರ: ಮೊದಲು ಆ 40 ರೂಪಾಯಿಯನ್ನೇ ನೋಡೋಣ ಸಾರ್.

ಗೂಡು ಕಿಲೋಗೆ 500 ರೂಪಾಯಿ, ಒಂದು ಕಿಲೋ ನೂಲಿಗೆ 7 ಕಿಲೋ ಗೂಡು ಬೇಕು ಅಂದುಕೊಳ್ಳಿ. ಗೂಡಿಗೆ 3,500 ಆಯಿತು. ಕೂಲಿ, ಸೌದೆ, ಕರೆಂಟು, ಕಮಿಷನ್ ಎಲ್ಲ ಸೇರಿ ಇನ್ನೊಂದು 500. ನೂಲು 4,200ಕ್ಕೆ ಹೋದರೆ ನಿಮಗೆ 200 ಉಳಿಯುತ್ತದೆ. ಈಗ ಹರಾಜಿನಲ್ಲಿ ಅವರು 540ರವರೆಗೆ ಕೂಗಿ ಲಾಟ್ ಹಿಡಿದರು ಅನ್ನಿ. ಗೂಡಿಗೇ 3,780. ಕಿಲೋ ನೂಲಿಗೆ ನಿಮಗೆ 80 ರೂಪಾಯಿ ನಷ್ಟ, ಅವರಿಗೆ ಎಂದಿನಂತೆ 40. ಲಾಟ್ ಬಿಟ್ಟು ಬಂದಿದ್ದರೆ ಘಟಕ ಒಂದು ದಿನ ನಿಲ್ಲುತ್ತಿತ್ತು. ನಿಮಗೆ ಅದೇ ವಾಸಿ. ಅವರಿಗೆ ಆ ದಿನದ ಕಮಿಷನ್ ಸೊನ್ನೆ.

ಇದನ್ನು ಅರ್ಥಶಾಸ್ತ್ರದಲ್ಲಿ ಮಾಲೀಕ–ಪ್ರತಿನಿಧಿ ಸಮಸ್ಯೆ ಅನ್ನುತ್ತಾರೆ. ಹಣ ನಿಮ್ಮದು, ತೀರ್ಮಾನ ಅವರದು, ಮಾರುಕಟ್ಟೆಯಲ್ಲಿ ನಡೆದದ್ದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಒಳ್ಳೆಯ ಮನುಷ್ಯನೂ ಹೀಗೇ ಮಾಡಿಯಾನು. ನೀವು ಯಾವುದಕ್ಕೆ ದುಡ್ಡು ಕೊಡುತ್ತೀರೋ ಅದನ್ನೇ ಅವರು ತಂದುಕೊಡುತ್ತಿದ್ದಾರೆ, ಅಲ್ವಾ?

ಹಾಗಂತ ಕಮಿಷನ್ನನ್ನು ಪೂರ್ತಿ ಲಾಭಕ್ಕೆ ಕಟ್ಟಬೇಡಿ. ನೂಲಿನ ಧಾರಣೆ ಬಿದ್ದರೆ ಅದು ಅವರ ತಪ್ಪಲ್ಲ, ಆ ಹೊರೆ ಹೊರುವ ಶಕ್ತಿಯೂ ಸಂಬಳದವರಿಗೆ ಇರುವುದಿಲ್ಲ. ಬರೀ ರೆಂಡಿಟ್ಟಾಗೆ, ಅಂದರೆ ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತು ಅನ್ನುವ ಲೆಕ್ಕಕ್ಕೆ, ಬಹುಮಾನ ಇಟ್ಟರೂ ಕಷ್ಟ. ಎಷ್ಟೇ ದುಬಾರಿಯಾದರೂ ಸರಿ, ಅತ್ಯುತ್ತಮ ಗೂಡನ್ನೇ ಹಿಡಿಯುತ್ತಾರೆ.

2016ರಲ್ಲಿ ನೊಬೆಲ್ ಪಡೆದ ಬೆಂಗ್ಟ್ ಹೋಲ್ಮ್‌ಸ್ಟ್ರಾಮ್ 1979ರಲ್ಲೇ ಒಂದು ದಾರಿ ತೋರಿಸಿದ್ದರು. ಕೆಲಸಗಾರನ ಪ್ರಯತ್ನದ ಬಗ್ಗೆ ಸುಳಿವು ಕೊಡುವ ಅಳತೆಗಳನ್ನು ಅವನ ಪ್ರತಿಫಲದ ಲೆಕ್ಕಕ್ಕೆ ಸೇರಿಸಬೇಕು. ನಿಮಗೆ ಅಂಥ ಅಳತೆ ಕೈಯಲ್ಲೇ ಇದೆ: ಗೂಡಿನ ಮಾರುಕಟ್ಟೆಯ ಆ ದಿನದ ಸರಾಸರಿ ಧಾರಣೆ. ಸಂಬಳ ಹಾಗೇ ಇರಲಿ. ಕಿಲೋ ಕಮಿಷನ್ ತೆಗೆದು, ನೂಲು ಮಾರಿದ ಹಣದಲ್ಲಿ ಗೂಡಿನ ಖರ್ಚು ಕಳೆದು ಉಳಿದದ್ದರಲ್ಲಿ ಸಣ್ಣ ಪಾಲು ಕೊಡಿ. ಸರಾಸರಿಗಿಂತ ಅಗ್ಗಕ್ಕೆ ಕೊಂಡೂ ರೆಂಡಿಟ್ಟಾ ಕೆಡಿಸದಿದ್ದರೆ ಆ ಪಾಲನ್ನು ಹೆಚ್ಚಿಸಿ. ಹೋಲಿಕೆ ಆ ದಿನದ ಸರಾಸರಿಗೇ ಇರುವುದರಿಂದ, ಇಡೀ ಮಾರುಕಟ್ಟೆಯೇ ಏರಿದ ದಿನವೂ ಆ ಹೆಚ್ಚಳ ಅವರ ಕೈ ತಪ್ಪುವುದಿಲ್ಲ. ಕಾಯಲು ಇನ್ನೊಬ್ಬರನ್ನು ನೇಮಿಸಬೇಡಿ. ಇಷ್ಟು ಸಣ್ಣ ಘಟಕದಲ್ಲಿ ಅವರ ಸಂಬಳವೇ ಸೋರಿಕೆಗಿಂತ ಜಾಸ್ತಿಯಾದೀತು.

ಇನ್ನು ನಿಮ್ಮ ಅನುಮಾನದ ವಿಷಯ. ಮೂರು ತಿಂಗಳ ಲಾಟ್ ಚೀಟಿ ತರಿಸಿ, ದ್ವಿತಳಿ ಮತ್ತು ಮಿಶ್ರತಳಿ ಗೂಡುಗಳ ಲೆಕ್ಕ ಬೇರೆ ಮಾಡಿ. ಕೊಂಡ ಬೆಲೆ ಸದಾ ಸರಾಸರಿಗಿಂತ ಮೇಲಿದ್ದು ರೆಂಡಿಟ್ಟಾ ಸರಿಯಿದ್ದರೆ, ಹೆಚ್ಚಾಗಿ ಕಮಿಷನ್ನಿನದೇ ದೋಷ. ಬೆಲೆ ಸರಿಯಿದ್ದೂ, ಗೂಡು ಚೆನ್ನಾಗಿದ್ದೂ ರೆಂಡಿಟ್ಟಾ 7ರಿಂದ 7.5ಕ್ಕೆ ಏರಿದ್ದರೆ, ಎರಡು ದಿನ ರಜೆ ಹಾಕಿ ಬನ್ನಿ. ಗೂಡು ಒಳಗೆ ಬರುವಾಗ, ನೂಲು ಹೊರಗೆ ಹೋಗುವಾಗ ನಿಂತು ತೂಕ ಹಾಕಿಸಿ.