ಗರ್ಭಕೋಶ ತೆಗೆಸುವ ಮುನ್ನ ಅದರ ಬಾಯಿಯನ್ನು ನೋಡಿಸಿ

ಓದುಗರ ಪತ್ರ: ನನಗೆ 36 ವರ್ಷ, ಇಬ್ಬರು ಮಕ್ಕಳು. ನಾಲ್ಕು ತಿಂಗಳಿಂದ ಗಂಡನ ಜೊತೆ ಸೇರಿದ ಮೇಲೆ ಸ್ವಲ್ಪ ಸ್ವಲ್ಪ ರಕ್ತ ಕಾಣುತ್ತಿದೆ. ನೋವಿಲ್ಲ, ಮುಟ್ಟು ಸರಿಯಾಗಿಯೇ ಆಗುತ್ತಿದೆ. ಪೇಟೆಯ ಆಸ್ಪತ್ರೆಯಲ್ಲಿ ನಾಚಿಕೆಯಿಂದ ‘ಬಿಳಿ ಹೋಗುತ್ತದೆ’ ಎಂದಷ್ಟೇ ಹೇಳಿದೆ. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿ, ಸರಿಯಿದೆ ಎಂದು ಮಾತ್ರೆ ಕೊಟ್ಟರು. ಕಡಿಮೆಯಾಗಲಿಲ್ಲ. ಎರಡನೆಯ ಸಲ ಹೋದಾಗ, ಗರ್ಭಕೋಶದ ಬಾಯಲ್ಲಿ ಹುಣ್ಣಾಗಿರಬೇಕು, ಹೇಗೂ ಮಕ್ಕಳಾಗಿವೆ, ತೆಗೆಸಿಬಿಟ್ಟರೆ ಮುಂದೆ ಕ್ಯಾನ್ಸರಿನ ಭಯವೂ ಇರುವುದಿಲ್ಲ ಎಂದರು. ಅಡಿಕೆ ಕೊಯ್ಲಿಗೆ ಮುಂಚೆಯೇ ಮುಗಿಸಿಕೋ ಎಂದು ಅತ್ತೆಯವರೂ ಹೇಳುತ್ತಿದ್ದಾರೆ. ನನ್ನ ಗಂಡನಿಂದ ಏನಾದರೂ ಬಂದಿರಬಹುದೇ ಎಂಬ ಯೋಚನೆಯೂ ಕಾಡುತ್ತಿದೆ. ಏನು ಮಾಡಲಿ? — ಹೊಸನಗರ ತಾಲ್ಲೂಕಿನ ಒಬ್ಬ ಓದುಗಳು

ಸಂಪಾದಕರ ಉತ್ತರ:

ಸಹೋದರಿ, ಈಗಲೇ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ, ಹಾಗೆಂದು ಕೊಯ್ಲು ಮುಗಿಯಲಿ ಎಂದು ಸುಮ್ಮನೆಯೂ ಇರಬೇಡಿ. ನಿಮ್ಮ ಪತ್ರದಲ್ಲಿ ಔಷಧವಿದೆ, ಸ್ಕ್ಯಾನಿಂಗ್ ಇದೆ, ಶಸ್ತ್ರಚಿಕಿತ್ಸೆಯ ಸಲಹೆಯೂ ಇದೆ. ಆದರೆ ರಕ್ತ ಬರುತ್ತಿರುವ ಜಾಗವನ್ನು ಯಾರಾದರೂ ಕಣ್ಣಾರೆ ನೋಡಿದರು ಎಂಬ ಮಾತು ಎಲ್ಲಿಯೂ ಇಲ್ಲ. ‘ಹುಣ್ಣಾಗಿರಬೇಕು’ ಎನ್ನುವುದು ಊಹೆ, ಮತ್ತು ಊಹೆಯ ಮೇಲೆ ಒಂದು ಅಂಗವನ್ನು ತೆಗೆಯುವಂತಿಲ್ಲ.

ಮುಟ್ಟಿನ ದಿನಗಳಲ್ಲದೆ ಸಂಪರ್ಕದ ನಂತರ ಮಾತ್ರ ಕಾಣುವ ರಕ್ತವು ಬಹುಮಟ್ಟಿಗೆ ಗರ್ಭಕೋಶದ ಬಾಯಿಯಿಂದ, ಅಂದರೆ ಗರ್ಭಕೋಶವು ಯೋನಿಯೊಳಗೆ ಚಾಚಿಕೊಂಡಿರುವ ಕೆಳತುದಿಯಿಂದ, ಬರುತ್ತದೆ. ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಂಗ್ ಗರ್ಭಕೋಶದ ಗೆಡ್ಡೆಗಳನ್ನೂ ಅಂಡಾಶಯದ ನೀರ್ಗುಳ್ಳೆಗಳನ್ನೂ ಚೆನ್ನಾಗಿ ತೋರಿಸುತ್ತದೆ. ಆದರೆ ಬಾಯಿಯ ಮೇಲ್ಮೈಯಲ್ಲಿ ಆಗುವ ಬದಲಾವಣೆಗಳನ್ನು, ಆರಂಭದ ಕ್ಯಾನ್ಸರನ್ನು ಕೂಡ, ಅದು ತೋರಿಸಲಾರದು. ಆದ್ದರಿಂದ ನಿಮ್ಮ ಕೈಯಲ್ಲಿರುವ ‘ಸರಿಯಿದೆ’ ಎಂಬ ವರದಿ ನಿಮ್ಮ ತೊಂದರೆಗೆ ಉತ್ತರವೇ ಅಲ್ಲ.

ಆಗಬೇಕಾದ ಮೊದಲ ಪರೀಕ್ಷೆ ತೀರ ಸರಳವಾದದ್ದು. ನಿಮ್ಮನ್ನು ಮೇಜಿನ ಮೇಲೆ ಮಲಗಿಸಿ, ಸ್ಪೆಕ್ಯುಲಮ್ ಎಂಬ ಉಪಕರಣದಿಂದ ಯೋನಿಯನ್ನು ಸ್ವಲ್ಪ ಅಗಲಿಸಿ, ಒಳ್ಳೆಯ ಬೆಳಕಿನಲ್ಲಿ ಗರ್ಭಕೋಶದ ಬಾಯಿಯನ್ನು ನೋಡುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಮುಜುಗರವಾಗುತ್ತದೆ, ಒತ್ತಿದಂತೆ ಅನ್ನಿಸುತ್ತದೆ, ಆದರೆ ಮೈ ಸಡಿಲ ಬಿಟ್ಟರೆ ಹೆಚ್ಚು ನೋವಾಗುವುದಿಲ್ಲ. ನಿಮ್ಮ ವಯಸ್ಸಿನಲ್ಲಿ ಗರ್ಭಿಣಿಯಲ್ಲ ಎಂಬುದನ್ನು ಮೂತ್ರ ಪರೀಕ್ಷೆಯಿಂದ ಮೊದಲೇ ಖಚಿತ ಮಾಡಿಕೊಳ್ಳುವುದು ಪದ್ಧತಿ. ವಂಕಿ ಹಾಕಿಸಿಕೊಂಡಿದ್ದರೆ, ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದರೆ ಅದನ್ನೂ ಹೇಳಿ.

ಅಲ್ಲಿ ಕಾಣಬಹುದಾದದ್ದು ಹಲವು, ಮತ್ತು ಅವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಸಣ್ಣ ದುರ್ಮಾಂಸ, ಅಂದರೆ ಪಾಲಿಪ್, ಜೋತಾಡುತ್ತಿರಬಹುದು. ಅದನ್ನು ತಿರುಚಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಕ್ಲಮೈಡಿಯಾದಂಥ ಸೋಂಕಿನಿಂದ ಬಾಯಿ ಕೆಂಪಾಗಿ ಊದಿ, ಮುಟ್ಟಿದರೆ ರಕ್ತ ಒಸರುತ್ತಿರಬಹುದು. ಅದಕ್ಕೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಔಷಧ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಅದು ಮರಳಿ ಬರುತ್ತದೆ.

ನಿಮಗೆ ‘ಹುಣ್ಣು’ ಎಂದು ಹೇಳಿದ್ದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಈ ಒಂದು ಮಾತಿನ ಮೇಲೆಯೇ ಎಷ್ಟೋ ಹೆಂಗಸರ ಗರ್ಭಕೋಶ ಹೋಗಿದೆ. ಗರ್ಭಕೋಶದ ಬಾಯಿಯ ಹೊರಮೈಯನ್ನು ಹಲವು ಪದರಗಳ ಗಟ್ಟಿ ಜೀವಕೋಶಗಳು ಮುಚ್ಚಿರುತ್ತವೆ. ಒಳನಾಳದಲ್ಲಿರುವುದು ಒಂದೇ ಪದರದ, ಲೋಳೆ ಸ್ರವಿಸುವ ಮೃದುವಾದ ಜೀವಕೋಶಗಳು. ಹಾರ್ಮೋನಿನ ಪ್ರಭಾವದಿಂದ, ಮುಖ್ಯವಾಗಿ ಬಸಿರಿನಲ್ಲಿ ಮತ್ತು ಗರ್ಭನಿರೋಧಕ ಗುಳಿಗೆ ನುಂಗುವವರಲ್ಲಿ, ಈ ಒಳಪದರ ಹೊರಕ್ಕೆ ಮಗುಚಿಕೊಳ್ಳುತ್ತದೆ. ತುಟಿಯನ್ನು ಮಗುಚಿದಾಗ ಒಳಗಿನ ಕೆಂಪು ಕಾಣುವ ಹಾಗೆ, ಇಲ್ಲಿಯೂ ತೆಳು ಪದರದ ಕೆಳಗಿನ ರಕ್ತನಾಳಗಳಿಂದಾಗಿ ಜಾಗ ಕೆಂಪಾಗಿ ತೋರುತ್ತದೆ, ಉಜ್ಜಿದರೆ ರಕ್ತ ಬರುತ್ತದೆ, ಬಿಳಿಯೂ ಹೆಚ್ಚು ಹೋಗುತ್ತದೆ. ವೈದ್ಯರು ಇದನ್ನು ಎಕ್ಟ್ರೋಪಿಯನ್ ಎನ್ನುತ್ತಾರೆ, ಹಳೆಯ ರೂಢಿಯಲ್ಲಿ ಎರೋಷನ್. ಇದು ಹುಣ್ಣಲ್ಲ, ಕ್ಯಾನ್ಸರ್ ಆಗಿ ಮಾರ್ಪಡುವ ರೋಗವೂ ಅಲ್ಲ. ತಪಾಸಣೆಗಳೆಲ್ಲ ಸರಿಯಿದ್ದರೆ ಇದಕ್ಕೆ ಚಿಕಿತ್ಸೆಯೇ ಬೇಕಿಲ್ಲ. ರಕ್ತ ಬರುವುದು ತೀರ ತೊಂದರೆ ಕೊಟ್ಟರೆ ಆ ಭಾಗವನ್ನು ಶೀತದಿಂದಲೋ ಶಾಖದಿಂದಲೋ ಸುಡುತ್ತಾರೆ. ಇದೊಂದಕ್ಕಾಗಿ ಗರ್ಭಕೋಶ ತೆಗೆಯುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಹಾಗಾದರೆ ಭಯಪಡಬೇಕಾದದ್ದು ಏನು? ಹೊರಪದರ ಮತ್ತು ಒಳಪದರ ಸಂಧಿಸುವ ಆ ಅಂಚಿನಲ್ಲಿಯೇ ಎಚ್‌ಪಿವಿ ಎಂಬ ವೈರಸ್ ನೆಲೆಯೂರುತ್ತದೆ, ಮತ್ತು ಗರ್ಭಕೋಶದ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದೂ ಅಲ್ಲಿಯೇ. ಲೈಂಗಿಕ ಜೀವನ ನಡೆಸುವ ಬಹುತೇಕ ಎಲ್ಲರಿಗೂ ಈ ವೈರಸ್ ಒಮ್ಮೆಯಾದರೂ ತಗಲುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿ ಹೋಗಿಬಿಡುತ್ತದೆ. ಉಳಿದುಕೊಂಡವರಲ್ಲಿ ಮಾತ್ರ ಅದು ಜೀವಕೋಶಗಳನ್ನು ಮೆಲ್ಲಗೆ ಕೆಡಿಸುತ್ತಾ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದಲ್ಲಿ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಮೂವತ್ತು ದಾಟಿದವರ ತಪಾಸಣೆಗೆ ಒತ್ತು ಕೊಡುವುದು ಇದೇ ಕಾರಣಕ್ಕೆ. ಆ ವಯಸ್ಸಿನಲ್ಲಿ ಕಾಣುವ ಸೋಂಕು ಬಂದುಹೋಗುವಂಥದ್ದಕ್ಕಿಂತ ಉಳಿದುಕೊಂಡಿರುವಂಥದ್ದೇ ಆಗಿರುವ ಸಂಭವ ಹೆಚ್ಚು. ನಿಮ್ಮ ಗಂಡನ ಬಗೆಗಿನ ಯೋಚನೆಗೂ ಉತ್ತರ ಇದರಲ್ಲಿದೆ. ಇಂದು ಎಚ್‌ಪಿವಿ ಪತ್ತೆಯಾದರೆ ಅದು ಯಾವಾಗ, ಯಾರಿಂದ ಬಂತೆಂದು ಹೇಳುವ ಯಾವ ಪರೀಕ್ಷೆಯೂ ಇಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲ ವೈರಸ್ಸನ್ನು ಇಟ್ಟುಕೊಂಡು ಮನೆಯಲ್ಲಿ ಯಾರ ನಡತೆಯನ್ನೂ ಅಳೆಯಲಾಗದು.

ನಿಮ್ಮದೇ ಸ್ಥಿತಿಯಲ್ಲಿದ್ದ ಸೊರಬ ಕಡೆಯ 38ರ ಮಹಿಳೆಯೊಬ್ಬರ ವಿಷಯವನ್ನು ಗುರುತು ಬಿಟ್ಟು ಹೇಳುತ್ತೇನೆ. ಅವರಿಗೂ ಸಂಪರ್ಕದ ನಂತರ ರಕ್ತ ಕಾಣುತ್ತಿತ್ತು, ಅವರಿಗೂ ತಿಂಗಳುಗಟ್ಟಲೆ ಮಾತ್ರೆ ಸಿಕ್ಕಿತ್ತು, ಕೊನೆಗೆ ಅದೇ ಸಲಹೆ. ಬೇರೊಬ್ಬ ಸ್ತ್ರೀರೋಗ ತಜ್ಞೆ ಸ್ಪೆಕ್ಯುಲಮ್ ಹಾಕಿ ನೋಡಿದಾಗ ಕೆಂಪಗಿನ ಭಾಗವಷ್ಟೇ ಕಂಡಿತು. ತಜ್ಞೆ ಪ್ಯಾಪ್ ಸ್ಮಿಯರ್ ತೆಗೆದರು, ಅಂದರೆ ಗರ್ಭಕೋಶದ ಬಾಯಿಯ ಜೀವಕೋಶಗಳನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಲು ಕಳಿಸಿದರು. ಆಮೇಲೆ ಬಾಯಿಗೆ 5% ಅಸಿಟಿಕ್ ಆಮ್ಲದ ದ್ರಾವಣ ಹಚ್ಚಿ ಒಂದು ನಿಮಿಷ ಕಾದರು. ಜೀವಕೋಶಗಳು ಕೆಟ್ಟಿರುವ ಜಾಗ ಇದರಿಂದ ಬೆಳ್ಳಗಾಗುತ್ತದೆ. ಅಂಚಿನ ಒಂದು ಕಡೆ ದಟ್ಟವಾಗಿ ಬೆಳ್ಳಗಾಯಿತು. ಪ್ಯಾಪ್ ವರದಿ ‘ಉರಿಯೂತ ಮಾತ್ರ’ ಎಂದು ಬಂತು. ಅಲ್ಲಿಗೇ ನಿಲ್ಲಿಸಿದ್ದರೆ ತಪ್ಪಾಗುತ್ತಿತ್ತು, ಏಕೆಂದರೆ ರಕ್ತ ಮತ್ತು ಕೀವು ಬೆರೆತ ಸ್ಮಿಯರ್‌ನಲ್ಲಿ ಕೆಟ್ಟ ಜೀವಕೋಶಗಳು ಕಣ್ತಪ್ಪಬಹುದು. ಲಕ್ಷಣವಿರುವ ಹೆಂಗಸಿಗೆ ಸರಿಯಾಗಿ ಬಂದ ಪ್ಯಾಪ್ ಕೊನೆಯ ಮಾತಲ್ಲ. ಕಾಲ್ಪೋಸ್ಕೋಪ್ ಎಂಬ ದೊಡ್ಡದು ಮಾಡಿ ತೋರಿಸುವ ಉಪಕರಣದಲ್ಲಿ ನೋಡಿ, ಆ ಬಿಳಿ ಭಾಗದಿಂದ ಅಕ್ಕಿಕಾಳಿನಷ್ಟು ಚೂರನ್ನು ಬಯಾಪ್ಸಿಗೆ ಕಳಿಸಿದಾಗ ‘ಸಿಐಎನ್ 3’ ಎಂದು ತಿಳಿಯಿತು. ಅಂದರೆ ಜೀವಕೋಶಗಳು ಪೂರ್ತಿ ಕೆಟ್ಟಿವೆ, ಆದರೆ ಮೇಲ್ಪದರದಿಂದ ಕೆಳಗಿಳಿದಿಲ್ಲ. ಇದನ್ನು ಹಾಗೆಯೇ ಬಿಟ್ಟರೆ ಮೂವತ್ತು ವರ್ಷಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕ್ಯಾನ್ಸರ್ ಆಗುತ್ತದೆ.

ಅವರಿಗೆ ಮಾಡಿದ್ದು ‘ಲೀಪ್’ ಎಂಬ ಚಿಕಿತ್ಸೆ. ಸ್ಥಳೀಯ ಅರಿವಳಿಕೆ ಕೊಟ್ಟು, ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಆ ಭಾಗವನ್ನಷ್ಟೇ ಕೆತ್ತಿ ತೆಗೆದರು. ಅವರು ಅದೇ ದಿನ ಮನೆಗೆ ಬಂದರು. ಕೆಲವು ವಾರ ನೀರಾದ ಸ್ರಾವವಿತ್ತು, ಒಂದು ತಿಂಗಳು ಸಂಪರ್ಕ ಬೇಡ ಎಂದಿದ್ದರು. ಗರ್ಭಕೋಶ ಉಳಿಯಿತು. ಆದರೆ ವರ್ಷದೊಳಗೆ ಮತ್ತೆ ಎಚ್‌ಪಿವಿ ಪರೀಕ್ಷೆ, ಅನಂತರವೂ ಬಹುಕಾಲ ತಪಾಸಣೆ ಅವರಿಗೆ ತಪ್ಪಿದ್ದಲ್ಲ. ಗರ್ಭಕೋಶವನ್ನೇ ತೆಗೆದಿದ್ದರೂ ಅದು ತಪ್ಪುತ್ತಿರಲಿಲ್ಲ, ಏಕೆಂದರೆ ಇಂಥ ಬದಲಾವಣೆ ಯೋನಿಯ ಮೇಲ್ತುದಿಯಲ್ಲಿಯೂ ಕಾಣಿಸಿಕೊಳ್ಳಬಹುದು.

ನಿಮಗೆ ಹೇಳಿದ ಸಲಹೆಯಲ್ಲಿ ಇನ್ನೂ ದೊಡ್ಡ ಅಪಾಯ ಬೇರೊಂದಿದೆ. ಒಂದು ವೇಳೆ ಒಳಗೆ ಕ್ಯಾನ್ಸರ್ ಈಗಾಗಲೇ ಇದ್ದು, ಅದು ತಿಳಿಯದೆ ಸಾಮಾನ್ಯ ರೀತಿಯಲ್ಲಿ ಗರ್ಭಕೋಶ ತೆಗೆದುಬಿಟ್ಟರೆ, ರೋಗದ ಅಂಚು ಒಳಗೇ ಉಳಿಯಬಹುದು. ಕ್ಯಾನ್ಸರ್ ಇದ್ದಾಗ ಮಾಡುವ ಶಸ್ತ್ರಚಿಕಿತ್ಸೆಯೇ ಬೇರೆ. ಅದರಲ್ಲಿ ಸುತ್ತಲಿನ ಅಂಗಾಂಶವನ್ನೂ ದುಗ್ಧರಸ ಗ್ರಂಥಿಗಳನ್ನೂ ತೆಗೆಯಬೇಕಾಗುತ್ತದೆ, ಮುಂದುವರಿದ ಹಂತದಲ್ಲಿ ಶಸ್ತ್ರಚಿಕಿತ್ಸೆಯ ಬದಲು ವಿಕಿರಣ ಮತ್ತು ಕೀಮೋಥೆರಪಿಯನ್ನು ಒಟ್ಟಿಗೆ ಕೊಡುತ್ತಾರೆ. ಮೊದಲು ಬಯಾಪ್ಸಿ, ಆಮೇಲೆ ಚಿಕಿತ್ಸೆ ಎಂಬ ಕ್ರಮ ತಪ್ಪಿದರೆ ಗುಣವಾಗಬಹುದಾಗಿದ್ದ ರೋಗವೂ ಕೈಮೀರಬಹುದು.

ಆದ್ದರಿಂದ ಈ ವಾರವೇ ಶಿವಮೊಗ್ಗಕ್ಕೆ ಹೊರಡಿ. ಮೆಗ್ಗಾನ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಬಹುದು, ಅಥವಾ ನೀವು ನಂಬುವ ಬೇರೆ ಸ್ತ್ರೀರೋಗ ತಜ್ಞರಲ್ಲಿಗೆ. ಹೋಗುವ ಮುಂಚಿನ ಎರಡು ದಿನ ಸಂಪರ್ಕ ಬೇಡ, ಯೋನಿಯೊಳಗೆ ಔಷಧ ಇಡುವುದು ಬೇಡ. ಮುಟ್ಟಿನ ದಿನಗಳನ್ನು ಬಿಟ್ಟರೆ ಸ್ಮಿಯರ್ ಚೆನ್ನಾಗಿ ಬರುತ್ತದೆ, ಆದರೆ ಸ್ವಲ್ಪ ರಕ್ತ ಕಾಣುತ್ತಿದೆ ಎಂಬ ಕಾರಣಕ್ಕೆ ಪರೀಕ್ಷೆಯನ್ನು ಮುಂದೂಡಬೇಡಿ. ಅಲ್ಲಿ ‘ಬಿಳಿ ಹೋಗುತ್ತದೆ’ ಎನ್ನಬೇಡಿ. ‘ನಾಲ್ಕು ತಿಂಗಳಿಂದ ಸಂಪರ್ಕದ ನಂತರ ರಕ್ತ ಹೋಗುತ್ತಿದೆ, ಗರ್ಭಕೋಶದ ಬಾಯಿಯನ್ನು ನೋಡಿ’ ಎಂದು ಹೇಳಿ. ಬಾಯಿಬಿಟ್ಟು ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಿ. ಪರೀಕ್ಷಿಸುವ ವೈದ್ಯೆ ಹೆಣ್ಣೇ ಇರಲಿ ಎಂದು ಕೇಳಿಕೊಳ್ಳಿ, ಜೊತೆಯಲ್ಲಿ ಗಂಡನನ್ನೋ ಅಕ್ಕನನ್ನೋ ಕರೆದೊಯ್ಯಿರಿ. ಕಣ್ಣಿಗೆ ಕಾಣುವ ಗಂಟೋ ಒರಟು ಬೆಳವಣಿಗೆಯೋ ಇದ್ದರೆ ಪ್ಯಾಪ್ ವರದಿಗೆ ಕಾಯದೆ ನೇರವಾಗಿ ಬಯಾಪ್ಸಿ ಆಗಬೇಕು. ರಕ್ತ ಬಟ್ಟೆ ತೋಯುವಷ್ಟು ಹೋಗತೊಡಗಿದರೆ, ಅಥವಾ ಸ್ರಾವಕ್ಕೆ ಕೆಟ್ಟ ವಾಸನೆ ಬಂದರೆ, ಅಂದೇ ಹೊರಡಿ.

ಕೊನೆಯದಾಗಿ ನಿಮ್ಮ ಮನೆಯ ಉಳಿದ ಹೆಂಗಸರ ವಿಷಯ. ನೀವು ಮಾಡಿಸಿಕೊಳ್ಳಬೇಕಾದದ್ದು ಲಕ್ಷಣದ ಕಾರಣ ಹುಡುಕುವ ಪರೀಕ್ಷೆ. ಏನೂ ತೊಂದರೆಯಿಲ್ಲದವರು ಮಾಡಿಸಿಕೊಳ್ಳುವುದು ತಪಾಸಣೆ, ಮತ್ತು ಅದರ ಬೆಲೆ ಇರುವುದೇ ಅಲ್ಲಿ, ಏಕೆಂದರೆ ಸಿಐಎನ್ ಹಂತದಲ್ಲಿ ಹೆಚ್ಚಿನವರಿಗೆ ರಕ್ತವೂ ಬರುವುದಿಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಅಸಿಟಿಕ್ ಆಮ್ಲ ಹಚ್ಚಿ ನೋಡುವ ಪರೀಕ್ಷೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹತ್ತಿರ ಎಲ್ಲಿ ಮಾಡುತ್ತಾರೆಂದು ತಿಳಿಯುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1998ರಿಂದ ಸುಮಾರು ಒಂದೂವರೆ ಲಕ್ಷ ಮಹಿಳೆಯರಲ್ಲಿ ನಡೆಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಮಾಡಿದ ಇದೇ ಪರೀಕ್ಷೆಯಿಂದ ಈ ಕ್ಯಾನ್ಸರಿನ ಸಾವು ಸುಮಾರು 31% ಕಡಿಮೆಯಾಯಿತು. ಮುಟ್ಟು ನಿಂತವರಲ್ಲಿ ಮಾತ್ರ ಹೊರಪದರ ಮತ್ತು ಒಳಪದರ ಸಂಧಿಸುವ ಅಂಚು ಒಳಕ್ಕೆ ಸರಿದಿರುವುದರಿಂದ ಈ ವಿಧಾನ ಅಷ್ಟು ನಂಬಲರ್ಹವಲ್ಲ. ನಿಮ್ಮ ಅತ್ತೆಯವರಿಗೆ ಎಚ್‌ಪಿವಿ ಪರೀಕ್ಷೆಯೋ ಪ್ಯಾಪ್ ಸ್ಮಿಯರೋ ಸಿಕ್ಕರೆ ಮೇಲು. ಮುಟ್ಟು ನಿಂತ ಮೇಲೆ ಅವರಿಗೆ ಒಂದು ಹನಿ ರಕ್ತ ಕಂಡಿದ್ದರೂ ನಿಮ್ಮ ಜೊತೆಯಲ್ಲಿಯೇ ಅವರನ್ನೂ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ.