ತಮಟೆ ಏಟಿಗಿಂತ ಮುಂಚೆಯೇ ಹೊರಡುವ ಕಾಲು

ಪ್ರಶ್ನೆ: ನಮ್ಮ ಚಿಂತಾಮಣಿ ಕಡೆ ಜಾತ್ರೆಯಲ್ಲಿ ತಮಟೆ ಬಡಿದ್ರೆ ಕಾಲು ತಾಳಕ್ಕೆ ಸರಿಯಾಗಿ ಕುಣಿಯುತ್ತೆ. ಯಾಕೆ? ಇದನ್ನ ಹೇಗೆ ಪರೀಕ್ಷೆ ಮಾಡ್ತಾರೆ?

ಉತ್ತರ:
ಏಟು ಕೇಳಿದ ಮೇಲೆ ಕಾಲು ಎತ್ತಿದರೆ ತಡವಾಗುತ್ತದೆ, ಅಲ್ವಾ? ಅದಕ್ಕೇ ಮಿದುಳು ಮುಂದಿನ ಏಟನ್ನು ಮೊದಲೇ ಊಹಿಸುತ್ತದೆ. ಸುಮ್ನೆ ಕೂತು ಕೇಳುವಾಗಲೂ ಚಲನೆಗೆ ಸಂಬಂಧಿಸಿದ ಮಿದುಳಿನ ಭಾಗಗಳು ಚುರುಕಾಗುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ.

ಇದಕ್ಕೆ ಬೆರಳು ತಟ್ಟುವ ಪರೀಕ್ಷೆ ಇದೆ. ಉದಾಹರಣೆಗೆ, 600 ಮಿಲಿಸೆಕೆಂಡಿಗೊಮ್ಮೆ ಟಿಕ್ ಸದ್ದು ಕೇಳಿಸಿ, ಅದರ ಜೊತೆಗೇ ತಟ್ಟಲು ಹೇಳುತ್ತಾರೆ. ಇದ್ದಕ್ಕಿದ್ದಂತೆ ಬಂದ ಸದ್ದಿಗೆ ಬೆರಳು ಆಡಿಸಲು ಸಾಮಾನ್ಯವಾಗಿ 150 ಮಿಲಿಸೆಕೆಂಡಾದರೂ ಬೇಕು. ಇಲ್ಲಿ ಮಾತ್ರ ಹೆಚ್ಚಿನವರ ಬೆರಳು ಸದ್ದಿಗಿಂತ ಇಪ್ಪತ್ತು, ಐವತ್ತು ಮಿಲಿಸೆಕೆಂಡು ಮೊದಲೇ ಬೀಳುತ್ತದೆ! ತಟ್ಟುವವರಿಗೆ ಅದು ಗೊತ್ತೇ ಆಗುವುದಿಲ್ಲ. ಪಳಗಿದ ವಾದ್ಯಗಾರರಲ್ಲಿ ಈ ಅಂತರ ಕಡಿಮೆ.

ಆಮೇಲೆ ಹೇಳದೆ ಒಂದು ಟಿಕ್ಕನ್ನು 50 ಮಿಲಿಸೆಕೆಂಡು ತಡ ಮಾಡುತ್ತಾರೆ. ಬೆರಳು ಅದಕ್ಕಾಗಿ ಕಾಯುವುದಿಲ್ಲ, ಹಳೇ ಲೆಕ್ಕದಲ್ಲೇ ಬೀಳುತ್ತದೆ. ಮುಂದಿನ ಕೆಲವು ತಟ್ಟುಗಳಲ್ಲಿ ಸರಿಹೋಗುತ್ತದೆ. ಊಹೆ ನಡೆಯುತ್ತಿದೆ ಎನ್ನಲು ನನಗೆ ಇದೇ ಗಟ್ಟಿ ಸಾಕ್ಷಿ.

ಆದರೆ ಟಿಕ್‌ಗಳ ನಡುವೆ ಸುಮಾರು ಎರಡು ಸೆಕೆಂಡಿಗಿಂತ ಜಾಸ್ತಿ ಅಂತರ ಬಿಟ್ಟರೆ ಊಹೆ ಕೆಡುತ್ತದೆ. ಆಗ ಸದ್ದು ಕೇಳಿದ ಮೇಲೆ ತಟ್ಟುವುದೇ ಹೆಚ್ಚಾಗುತ್ತದೆ.